ಮೋಟಾರು ನಿಂತ ಮೇಲೆ ಖಾಲಿಯಾಗುವ ಡ್ರಮ್ಮು

ಮೊದಲೆಲ್ಲ ಭಾವನವರ ಮೇಲೆ ಸಿಟ್ಟು ಬಂದರೆ ಒಂದು ಲೋಟ ತಣ್ಣೀರು ಕುಡಿದು ಸುಮ್ಮನಾಗುತ್ತಿದ್ದೆ. ಈಗ ಅದೂ ಇಲ್ಲ. ಲೋಟ ಕೈಗೆತ್ತಿಕೊಂಡರೆ ಹಾಗೇ ಮೋರಿಗೆ ಚೆಲ್ಲಿಬಿಡುತ್ತೇನೆ. ಥೂ! ನೀರು ಕಂಡರೆ ಓಕರಿಕೆ ಬರುವ ಹಾಗೆ ಮಾಡಿಟ್ಟ ಪುಣ್ಯಾತ್ಮ ಅವರು.

ನಮ್ಮದು ದೊಣ್ಣೆ ಮೆಣಸಿನಕಾಯಿ ಬೆಳೆಯುವ ಮನೆ. ಹಿತ್ತಲಿನಾಚೆ ಬಲೆ ಹೊದಿಸಿದ ನೆಟ್ ಹೌಸು, ಅದರ ಪಕ್ಕ ಪಂಪಿನ ಕೋಣೆ, ಪಂಪಿನ ಕೋಣೆಯ ನೆಲದಡಿಯಲ್ಲಿ ಸಂಪು. ಬೋರಿನ ನೀರು ಬಂದು ಬೀಳುವುದು ಆ ಸಂಪಿಗೆ. ಅಲ್ಲಿಂದ ಒಂದು ಮೋಟಾರು ಗಿಡಗಳ ಡ್ರಿಪ್ ಲೈನಿಗೆ ನೀರು ತಳ್ಳುತ್ತದೆ, ಇನ್ನೊಂದು ಚಿಕ್ಕ ಮೋಟಾರು ಅಡುಗೆಮನೆಯ ಮೇಲಿನ ಟ್ಯಾಂಕಿಗೆ ಹತ್ತಿಸುತ್ತದೆ. ಅಂದರೆ ಗಿಡ ಕುಡಿಯುವುದೂ ನಾವು ಕುಡಿಯುವುದೂ ಒಂದೇ ಹೊಂಡದ ನೀರು. ಇಷ್ಟು ವರ್ಷ ಅದರಿಂದ ಯಾರಿಗೂ ಏನೂ ಆಗಿರಲಿಲ್ಲ, ಯಾಕೆಂದರೆ ಇಷ್ಟು ವರ್ಷ ಪಂಪಿನ ಕೋಣೆಯ ಬೀಗದ ಕೈ ನನ್ನ ಸೊಂಟದಲ್ಲಿತ್ತು.

ಮಗಳಿಗೆ ಹೆರಿಗೆಯಾಗಿ ಪಾಪು ಮನೆಗೆ ಬಂದ ಮೇಲೆ ಕೀಲಿ ಭಾವನ ಕೈಗೆ ಹೋಯಿತು. ಮಗಳ ಎದೆಹಾಲು ಸಾಲುತ್ತಿರಲಿಲ್ಲ. ಪಾಪು ಡಬ್ಬಿ ಹಾಲಿನ ಮೇಲೇ ಬೆಳೆಯಬೇಕಿತ್ತು. ಪುಡಿ ಕಲಸುವುದು, ಬಾಟಲಿ ಕುದಿಸುವುದು, ಬಟ್ಟೆ ಒಗೆಯುವುದು, ಇದರಲ್ಲೇ ನನ್ನ ಹಗಲು ಮುಗಿದುಹೋಗುತ್ತಿತ್ತು. ನಮ್ಮನೆಯವರಿಗೆ ಕಾಯಿ ಕಿತ್ತು ಮಾರುಕಟ್ಟೆಗೆ ಸಾಗಿಸುವುದೇ ಸಾಕಾಗಿತ್ತು.

"ನೀನು ಮಗು ನೋಡ್ಕೊಳಮ್ಮ. ಗೊಬ್ಬರದ್ದು ನನಗೆ ಬಿಡು. ಅದೇನು ದೊಡ್ಡ ವಿದ್ಯೆ?" ಎಂದರು ಭಾವ.

ಭಾವ ಅಂದರೆ ನಮ್ಮನೆಯವರ ಅಣ್ಣ. ಓರಗಿತ್ತಿ ತೀರಿಕೊಂಡ ಮೇಲೆ ಅಂಗಳದ ಆಚೆ ಬದಿಯ ಒಂಟಿ ಕೋಣೆಯಲ್ಲಿ ಮಲಗುತ್ತಾರೆ, ಊಟಕ್ಕೆ ನಮ್ಮಲ್ಲಿಗೆ ಬರುತ್ತಾರೆ. ಬಾಯಿ ತೆರೆದರೆ ಲೋಕದಲ್ಲಿ ಅವರಿಗೆ ಗೊತ್ತಿಲ್ಲದ್ದು ಏನೂ ಇಲ್ಲ. ಕೈ ಹಾಕಿದರೆ ಕೆಡದ ಕೆಲಸ ಒಂದೂ ಇಲ್ಲ. ಆದರೂ ಯಾರೂ ಏನೂ ಅನ್ನುವಂತಿಲ್ಲ, ದೊಡ್ಡವರು. ನಮ್ಮನೆಯವರಂತೂ ಅಣ್ಣ ತಲೆ ಮೇಲೆ ಕಲ್ಲು ಹಾಕಿದರೂ "ಹೋಗಲಿ ಬಿಡು, ಬೇಕಂತ ಹಾಕಿದ್ದಲ್ಲ" ಎನ್ನುವ ಜಾತಿ.

ಕೀಲಿ ಕೊಡುವ ದಿನ ನಾನು ಭಾವನನ್ನು ಪಂಪಿನ ಕೋಣೆಯಲ್ಲಿ ನಿಲ್ಲಿಸಿ ಎಲ್ಲ ತೋರಿಸಿದ್ದೆ. ಒಂದಲ್ಲ, ಎರಡು ಸಲ.

"ನೋಡಿ ಭಾವ, ಇದು ವೆಂಚುರಿ. ನಡುವೆ ಕುತ್ತಿಗೆ ಸಣ್ಣ. ನೀರು ಆ ಸಣ್ಣ ಜಾಗದಲ್ಲಿ ಜೋರಾಗಿ ನುಗ್ಗಿದಾಗ ಈ ಪೈಪಿನಿಂದ ಡ್ರಮ್ಮಿನ ಗೊಬ್ಬರದ ನೀರನ್ನ ಎಳ್ಕೊಳ್ಳುತ್ತೆ. ಆದ್ರೆ ದೊಡ್ಡ ಪೈಪಿನ ಈ ಗೇಟ್ ವಾಲ್ವು ಪೂರ್ತಿ ತೆರೆದಿದ್ರೆ ನೀರು ಸಲೀಸಾಗಿ ಅತ್ಲಾಗೇ ಹೋಗ್ಬಿಡುತ್ತೆ. ಇತ್ಲಾಗೆ ಬರೋದೇ ಇಲ್ಲ. ಅದಕ್ಕೇ ವಾಲ್ವನ್ನ ಸ್ವಲ್ಪ ಸ್ವಲ್ಪ ತಿರುಗಿಸಿ ಮುಚ್ಚಬೇಕು, ಎಳೆಯೋಕೆ ಶುರು ಮಾಡೋ ತನಕ."

"ಹೂಂ ಹೂಂ."

"ಹತ್ತು ಲೀಟರ್ ನೀರಿಗೆ ಒಂದು ಕೆಜಿ ಗೊಬ್ಬರ. ಡ್ರಮ್ಮು ಇನ್ನೂರು ಲೀಟರು, ಅಂದ್ರೆ ಇಪ್ಪತ್ತು ಕೆಜಿ, ಅದಕ್ಕಿಂತ ಒಂದು ಹಿಡಿಯೂ ಜಾಸ್ತಿ ಬೇಡ. ಲೈನಲ್ಲಿ ನೂರು ಲೀಟರ್ ನೀರು ಹೋದ್ರೆ ಡ್ರಮ್ಮಿಂದ ಒಂದು ಲೀಟರ್ ಎಳೀಬೇಕು. ಹಂಗಾದ್ರೆ ಗಿಡದ ಬುಡಕ್ಕೆ ಬೀಳೋದು ಲೀಟರಿಗೆ ಒಂದು ಗ್ರಾಂ. ನೀರಲ್ಲಿ ಎಷ್ಟು ಉಪ್ಪು, ಗೊಬ್ಬರ ಕರಗಿದೆ ಅಂತ ಈ ಮೀಟರ್ ಹೇಳುತ್ತೆ, ಅದ್ದಿ ನೋಡಿ. ಬರೀ ನೀರು ಸೊನ್ನೆ ಪಾಯಿಂಟ್ ಆರು. ಗೊಬ್ಬರ ಸೇರಿದ ಮೇಲೆ ಒಂದು ಪಾಯಿಂಟ್ ಎಂಟು. ಮೊದಲು ಸ್ವಲ್ಪ ಹೊತ್ತು ಬರೀ ನೀರು ಬಿಡಿ, ಆಮೇಲೆ ಗೊಬ್ಬರ, ಕೊನೇಲಿ ಮತ್ತೆ ಬರೀ ನೀರು ಬಿಟ್ಟು ಲೈನ್ ತೊಳೀರಿ."

"ಸರಿ ಕಣಮ್ಮ, ನಾನೇನು ಒಂದನೇ ಕ್ಲಾಸಾ?"

"ಇದು ಮುಖ್ಯ. ಕ್ಯಾಲ್ಸಿಯಂ ನೈಟ್ರೇಟ್‌ಗೆ ಈ ಡ್ರಮ್ಮು. ಹನ್ನೆರಡು ಅರವತ್ತೊಂದು ಅಂತಾರಲ್ಲ ಆ ರಂಜಕದ ಗೊಬ್ಬರ, ಪೊಟ್ಯಾಶ್ ಸಲ್ಫೇಟು, ಅವಕ್ಕೆ ಆ ಡ್ರಮ್ಮು. ಒಂದಕ್ಕೊಂದು ಸೇರಿಸ್ಲೇಬಾರದು, ಸೇರಿದ್ರೆ ಕಲ್ಲಾಗುತ್ತೆ. ದಿನ ಬಿಟ್ಟು ದಿನ ಕೊಡಿ."

ಭಾವ ಮೀಸೆಯಡಿ ನಕ್ಕರು. "ಎಲ್ಲ ಹೋಗೋದು ಒಂದೇ ಹೊಟ್ಟೆಗಲ್ವೇನಮ್ಮ?"

ಆ ನಗು ಕಂಡಾಗಲೇ ಕೀಲಿ ವಾಪಸು ಕಿತ್ತುಕೊಳ್ಳಬೇಕು ಅನ್ನಿಸಿತು. ಅಷ್ಟರಲ್ಲಿ ಒಳಗೆ ಪಾಪು ಅತ್ತಿತು, ನಾನು ಓಡಿದೆ.

ಅದಾದ ಮೇಲೆ ಸುಮಾರು ದಿನ ನೆಟ್ ಹೌಸಿನ ಕಡೆ ತಲೆ ಹಾಕಲಿಲ್ಲ. ಕಿಟಕಿಯಿಂದ ಕಾಣುವಷ್ಟು ಗಿಡ ಹಸಿರಾಗಿತ್ತು. ಭಾವ ಊಟಕ್ಕೆ ಕೂತಾಗಲೆಲ್ಲ "ನನ್ನ ಕೈಗುಣ ನೋಡು" ಎನ್ನುತ್ತಿದ್ದರು. ಪಾಪುವನ್ನು ತೊಡೆಯ ಮೇಲೆ ಹಾಕಿಕೊಂಡು "ಯಾರ ಬಂಗಾರ ಇದು? ದೊಡ್ಡಜ್ಜನ ಬಂಗಾರ" ಎಂದು ತೂಗುತ್ತಿದ್ದರು. ಆಗೊಂದು ಹೊಸ ಅಭ್ಯಾಸ ಬೇರೆ ಶುರುವಾಗಿತ್ತು. ಊಟಕ್ಕೆ ಬರುವಾಗ ಕಂಕುಳಲ್ಲಿ ಒಂದು ನೀರಿನ ಬಾಟಲಿ.

"ಏನು ಭಾವ, ನಮ್ಮನೇಲಿ ನೀರಿಗೆ ಬರ ಬಂದಿದ್ಯಾ?" ಎಂದು ಚುಡಾಯಿಸಿದೆ.

"ಹೊಟ್ಟೆ ಉರಿ ಕಣಮ್ಮ. ಡಾಕ್ಟರು ಹೇಳಿದ್ದಾರೆ, ನೀರು ಬದಲಾಯಿಸು ಅಂತ."

"ಸಾಹೇಬ್ರು ಬಾಟಲಿ ನೀರೇ ಕುಡಿಯೋದು" ಎಂದು ಮಗಳೂ ನಕ್ಕಳು. ಎಲ್ಲರೂ ನಕ್ಕೆವು. ಅವರೂ ನಕ್ಕರು. ಆ ನಗುವನ್ನು ನೆನೆದರೆ ಈಗ ಮೈಯೆಲ್ಲ ಉರಿಯುತ್ತದೆ.

ಚಹಾದ ರುಚಿ ಕೆಟ್ಟಿತ್ತು. ಪುಡಿ ಸರಿ ಇಲ್ಲವೆಂದು ಬೇರೆ ಪುಡಿ ತರಿಸಿದೆ. ಅದೂ ಹಾಗೇ. ಪಾಪು ಮಂಕಾಗಿತ್ತು, ತುಟಿಯ ಸುತ್ತ ಬೂದಿ ಬಣ್ಣ. ಮಗಳು "ಚಳಿ ಆಗ್ತಿದೆಯೇನೋ" ಎಂದು ಟೊಪ್ಪಿ ಹಾಕಿದಳು. ಹಾಲಿನ ನೀರನ್ನು ಒಮ್ಮೆ ಕುದಿಸುತ್ತಿದ್ದವಳು, ಮಗು ಸಪ್ಪಗಿದೆಯೆಂದು ಎರಡೆರಡು ಸಲ ಕುದಿಸತೊಡಗಿದಳು. ಪಾತ್ರೆಯಲ್ಲಿ ನೀರು ಮೂರರಲ್ಲೊಂದು ಪಾಲು ಇಂಗುವವರೆಗೆ ಒಲೆಯ ಮುಂದೆ ನಿಂತಿರುತ್ತಿದ್ದಳು. ಎಷ್ಟು ಜೋಪಾನದ ಹುಡುಗಿ ಎಂದು ನನಗೆ ಹೆಮ್ಮೆಯಾಗುತ್ತಿತ್ತು.

ಒಂದು ಬೆಳಿಗ್ಗೆ ನಮ್ಮನೆಯವರು ಒಂದು ಬುಟ್ಟಿ ಕಾಯಿ ತಂದು ಅಂಗಳದಲ್ಲಿ ಸುರಿದರು. "ಮಾರುಕಟ್ಟೇಲಿ ವಾಪಸ್ ಮಾಡಿದ್ರು ಕಣೇ" ಎಂದರು.

ಒಂದನ್ನು ಎತ್ತಿ ತಿರುಗಿಸಿದೆ. ಮೇಲೆ ಹೊಳೆಯುವ ಹಸಿರು, ತಳದಲ್ಲಿ ಕಪ್ಪು ಗುಳಿ. ಹೆಬ್ಬೆರಳು ಒತ್ತಿದರೆ ಒಳಗೆ ಇಳಿಯಿತು, ಕೊಳೆತ ಲೋಳೆ ಉಗುರಿನಡಿ ಸೇರಿತು. ಇನ್ನೊಂದು, ಅದೂ ಹಾಗೇ. ಬುಟ್ಟಿಗೆ ಬುಟ್ಟಿಯೇ ತಳ ಕೊಳೆತಿತ್ತು. ನಾರುವ ಆ ಲೋಳೆಯನ್ನು ಸೆರಗಿಗೆ ಒರೆಸಿಕೊಳ್ಳಲೂ ಅಸಹ್ಯವಾಗಿ ಮಣ್ಣಿಗೆ ಉಜ್ಜಿದೆ. ಗಿಡಕ್ಕೆ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಮುಟ್ಟದಿದ್ದರೆ ಕಾಯಿ ಹೀಗೆ ತಳದಿಂದ ಸಾಯುತ್ತದೆ. ಚೀಲಗಟ್ಟಲೆ ಕ್ಯಾಲ್ಸಿಯಂ ನೈಟ್ರೇಟ್ ಖಾಲಿಯಾಗುತ್ತಿದೆ, ಗಿಡಕ್ಕೆ ಮುಟ್ಟುತ್ತಿಲ್ಲ. ಹಾಗಾದರೆ ಹೋಗುತ್ತಿರುವುದೆಲ್ಲಿಗೆ?

ಭಾವ ಒಯ್ಯದೆ ಮನೆಯಲ್ಲೇ ಬಿಟ್ಟಿದ್ದ ಮೀಟರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಪಂಪಿನ ಕೋಣೆಗೆ ನಡೆದೆ. ಬಾಗಿಲು ತೆರೆದಿತ್ತು. ಮೋಟಾರು ಗುರ್ ಎನ್ನುತ್ತಿತ್ತು. ಭಾವ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಒಳಗೆ ಕಾಲಿಟ್ಟೊಡನೆ ಚಪ್ಪಲಿ ನೆಲಕ್ಕೆ ಅಂಟಿತು. ಗೊಬ್ಬರದ ನೀರು ಚೆಲ್ಲಿ, ಒಣಗಿ, ಮತ್ತೆ ಚೆಲ್ಲಿ, ಅದರ ಮೇಲೆ ಪಾಚಿ ಕಟ್ಟಿ, ಪಾಚಿಯ ಮೇಲೆ ನೊಣ ಕೂತು, ಅದು ಕೋಣೆಯಾಗಿರಲಿಲ್ಲ, ಕಕ್ಕಸಾಗಿತ್ತು. ಎರಡನೇ ಡ್ರಮ್ಮನ್ನು ಬೋರಲು ಹಾಕಿ ಅದರ ಮೇಲೆ ಚಹಾದ ಲೋಟ ಇಟ್ಟುಕೊಂಡಿದ್ದರು.

ಒಂದೇ ಡ್ರಮ್ಮು. ಬಗ್ಗಿ ನೋಡಿದೆ. ಮೇಲೆ ತೆಳ್ಳಗಿನ ಮಬ್ಬು ನೀರು. ಕೋಲು ಹಾಕಿ ಕಲಕಿದರೆ ಅಡಿಯಿಂದ ಬಿಳಿ ಗಸಿ ಮೇಲೆದ್ದು ಬಂತು, ಹುಳಿತು ಒಡೆದ ಹಾಲಿನ ಹಾಗೆ.

"ಎರಡನ್ನೂ ಒಟ್ಟಿಗೆ ಹಾಕಿದ್ದೀರಾ?"

"ಎರಡೆರಡು ಸಲ ಯಾರು ಕಲಸ್ತಾರೆ?"

"ಅಯ್ಯೋ ನಿಮ್ಮ! ಕ್ಯಾಲ್ಸಿಯಮ್ಮೂ ಹನ್ನೆರಡು ಅರವತ್ತೊಂದೂ ಸೇರಿದ್ರೆ ಕಲ್ಲಾಗುತ್ತೆ ಅಂತ ಬಡ್ಕೊಂಡಿದ್ನಲ್ಲ! ಗಿಡಕ್ಕೆ ಹೋಗಬೇಕಾದ ಕ್ಯಾಲ್ಸಿಯಂ ಎಲ್ಲ ಇಲ್ಲೇ ಸುಣ್ಣದ ಗಾರೆಯಾಗಿ ಕೂತಿದೆ!"

"ಕೂಗಾಡ್ಬೇಡ. ಗಿಡ ಹಸಿರಾಗಿಲ್ವಾ? ಮೊದ್ಲು ಎಳೀತಾ ಇರ್ಲಿಲ್ಲ, ಅದನ್ನೂ ನಾನೇ ಸರಿ ಮಾಡ್ದೆ. ಕಸ ಕಟ್ಕೊಂಡಿತ್ತು. ಪೈಪಿನ ತುದಿ ಜಾಲರಿ ಕಿತ್ತೆ, ವೆಂಚುರಿ ಬಾಯಲ್ಲಿ ಒಂದು ಗೋಲಿ ಇತ್ತಲ್ಲ, ಅದನ್ನೂ ಕಿತ್ತು ಬಿಸಾಕ್ದೆ. ಆಮೇಲೆ ಆ ಹಿತ್ತಾಳೇದು. ಅದೇ ಒತ್ತಡ ತಿಂತಾ ಇತ್ತು."

ಅವರು ಕೈ ತೋರಿಸಿದತ್ತ ನೋಡಿದೆ. ಬಾಗಿಲು ಮುಚ್ಚದಂತೆ ಅಡ್ಡ ಇಟ್ಟಿದ್ದು ನಮ್ಮ ನಾನ್ ರಿಟರ್ನ್ ವಾಲ್ವು. ಮೋಟಾರಿನಿಂದ ಮುಂದೆ ಹೋದ ನೀರು ಹಿಂದೆ ಬರದಂತೆ ತಡೆಯುವ ಒಂದೇ ಒಂದು ವಸ್ತು ಬಾಗಿಲಿಗೆ ಅಡ್ಡ ಬಿದ್ದಿತ್ತು. ಅದರ ಜಾಗದಲ್ಲಿ ಒಂದು ತುಂಡು ಪೈಪು ಸೇರಿಸಿ ರಬ್ಬರು ಸುತ್ತಿದ್ದರು.

ಗೇಟ್ ವಾಲ್ವು ನೋಡಿದೆ. ಪೂರ್ತಿ ತೆರೆದಿತ್ತು. ನೀರೆಲ್ಲ ನೇರವಾಗಿ ದೊಡ್ಡ ಪೈಪಿನಲ್ಲೇ ಹೋಗುತ್ತಿತ್ತು. ಡ್ರಮ್ಮಿನಲ್ಲಿ ಬಿದ್ದಿದ್ದ ಪೈಪಿನ ತುದಿಗೆ ಬೆರಳು ಹಿಡಿದರೆ ಒಂದಿಷ್ಟೂ ಎಳೆತವಿಲ್ಲ. ವೆಂಚುರಿ ಸತ್ತ ಹಾಗೆ ಕೂತಿತ್ತು.

"ಎಲ್ಲಿ ಭಾವ ಎಳೀತಿದೆ? ಒಂದು ತೊಟ್ಟೂ ಎಳೀತಿಲ್ಲ."

"ನಿಧಾನ ಎಳಿಯುತ್ತೆ ಕಣಮ್ಮ. ಮೋಟಾರ್ ಆಫ್ ಮಾಡಿ ಹೋಗಿ, ಮಾರನೇ ದಿನ ಬಂದು ನೋಡಿದ್ರೆ ಡ್ರಮ್ ಖಾಲಿ!"

ಆ ಮಾತು ನನ್ನ ಕಿವಿಯಲ್ಲಿ ಹೊಕ್ಕು ತಲೆಗೆ ಏರುವಷ್ಟರಲ್ಲಿ ಕರೆಂಟು ಹೋಯಿತು. ಮೋಟಾರು ಒಂದು ಸಲ ನರಳಿ ನಿಂತಿತು. ಕೋಣೆಯಲ್ಲಿ ಸದ್ದಡಗಿತು.

ಆಮೇಲೆ ಕೇಳಿಸಿತು. ಗಳಕ್. ಗಳಕ್ ಗಳಕ್. ಯಾರೋ ಬಾಯಿ ಹಚ್ಚಿ ಕುಡಿಯುತ್ತಿರುವ ಹಾಗೆ. ಲೈನಿನಲ್ಲಿ ನಿಂತಿದ್ದ ನೀರು ಹಿಂದಕ್ಕೆ ಇಳಿಯುತ್ತಿತ್ತು, ಇಳಿಯುವಾಗ ಡ್ರಮ್ಮನ್ನೂ ಜೊತೆಗೆ ಎಳೆದುಕೊಳ್ಳುತ್ತಿತ್ತು. ವೆಂಚುರಿಯ ಬಾಯಿ ಮುಚ್ಚುವ ಗೋಲಿ ಇಲ್ಲ, ಹಿಂದೆ ಬರುವ ನೀರನ್ನು ತಡೆಯುವ ಹಿತ್ತಾಳೆಯ ವಾಲ್ವಿಲ್ಲ. ಸಂಪಿನೊಳಗೆ ಪೈಪಿನ ತುದಿಯಲ್ಲಿ ನೀರು ಹಿಡಿದಿಡಬೇಕಾದ ಫುಟ್ ವಾಲ್ವಿನ ವಾಷರು ಸವೆದಿದೆಯೆಂದು ಮೊದಲಿನಿಂದಲೂ ಗೊತ್ತಿದ್ದದ್ದೇ. ನನ್ನ ಕಣ್ಣೆದುರಿಗೇ ಡ್ರಮ್ಮಿನ ನೀರು ಬೆರಳಷ್ಟು, ಗೇಣಷ್ಟು ಕೆಳಗಿಳಿಯಿತು. ಕಾಲಡಿಯ ಸಂಪಿನಲ್ಲಿ ಸೊರ್ರೆಂದು ಸುರಿಯುವ ಸದ್ದು.

ಪೈಪನ್ನು ಡ್ರಮ್ಮಿನಿಂದ ಕಿತ್ತೆಸೆದೆ. ಅದು ಗಾಳಿ ಕುಡಿದು ತೇಗಿತು. ಸಂಪಿನ ಮುಚ್ಚಳ ಎಳೆದೆ. ಗೋಡೆಯ ಸುತ್ತ ಬಿಳಿ ಗೆರೆ, ಮೂಲೆಯಲ್ಲಿ ನೊರೆ, ನೀರಿನ ಅಂಚಿಗೆ ಹಸಿರು ಲೋಳೆ. ಚೊಂಬಿಗೆ ಹಗ್ಗ ಕಟ್ಟಿ ನೀರು ಎತ್ತಿ ಮೀಟರು ಅದ್ದಿದೆ. ಸೊನ್ನೆ ಪಾಯಿಂಟ್ ಆರು ಇರಬೇಕಾದ ಕಡೆ ಒಂದು ಪಾಯಿಂಟ್ ಐದು.

"ಏನಾಯ್ತಮ್ಮ?" ಎಂದರು ಭಾವ, ಕುರ್ಚಿಯಿಂದ ಏಳದೆ.

ಉತ್ತರ ಕೊಡಲು ನಿಲ್ಲಲಿಲ್ಲ. ಓಡಿದೆ. ಅಡುಗೆಮನೆಯಲ್ಲಿ ಮಗಳು ಬಾಟಲಿಗೆ ಪುಡಿ ಹಾಕಿ ಅಲ್ಲಾಡಿಸುತ್ತಿದ್ದಳು. ಒಲೆಯ ಮೇಲೆ ಕುದಿದು ಇಂಗಿದ ನೀರು ಆರುತ್ತಿತ್ತು. ಅದರೊಳಗೆ ಮೀಟರು ಅದ್ದಿದೆ. ಎರಡು ಪಾಯಿಂಟ್ ಮೂರು. ಗಿಡಕ್ಕೆ ಗೊಬ್ಬರ ಕೊಡುವ ದಿನ ನಾನು ಬಿಡುವುದೇ ಒಂದು ಪಾಯಿಂಟ್ ಎಂಟು. ನಮ್ಮ ಪಾಪು ಗಿಡಕ್ಕಿಂತ ಖಾರವಾದ ನೀರು ಕುಡಿಯುತ್ತಿತ್ತು.

ಬಾಟಲಿಯನ್ನು ಮಗಳ ಕೈಯಿಂದ ಕಿತ್ತುಕೊಂಡು ಮೋರಿಗೆ ಎಸೆದೆ.

"ಅಮ್ಮಾ! ಹುಚ್ಚು ಹಿಡೀತಾ?"

"ಪಾಪು ಎಲ್ಲಿ? ಬೆಳಕಿಗೆ ತಾ."

ಬಾಗಿಲಿನ ಬೆಳಕಿನಲ್ಲಿ ಟೊಪ್ಪಿ ತೆಗೆದು ನೋಡಿದೆವು. ತುಟಿ ಬೂದಿಯಲ್ಲ, ನೀಲಿ. ಉಗುರೂ ನೀಲಿ. ಇಷ್ಟು ದಿನ ಟೊಪ್ಪಿ ಹಾಕಿ ಹಾಕಿ ಇದನ್ನೇ ಮುಚ್ಚಿಡುತ್ತಿದ್ದೆವು.

ಕಾಯಿ ಸಾಗಿಸುವ ಗಾಡಿಯಲ್ಲೇ ಆಸ್ಪತ್ರೆಗೆ ಹೋದೆವು. ಹಿಂದಿನ ಬುಟ್ಟಿಗಳಿಂದ ಕೊಳೆತ ವಾಸನೆ ದಾರಿಯುದ್ದಕ್ಕೂ ಮೂಗಿಗೆ ಬಡಿಯುತ್ತಿತ್ತು. ಮಕ್ಕಳ ಡಾಕ್ಟರಮ್ಮ ಮಗುವಿನ ಪುಟ್ಟ ತೋಳಿನಿಂದ ರಕ್ತ ತೆಗೆದು, ನಳಿಗೆಯನ್ನು ಬೆಳಕಿಗೆ ಹಿಡಿದರು. ರಕ್ತ ಕೆಂಪಗಿರಲಿಲ್ಲ. ಕಂದು, ಚಾಕಲೇಟಿನ ಬಣ್ಣ.

"ಹಾಲಿನ ಪುಡಿ ಯಾವ ನೀರಲ್ಲಿ ಕಲಸ್ತೀರಿ?" ಮೊದಲ ಪ್ರಶ್ನೆಯೇ ಅದು.

ನಾನು ಎಲ್ಲ ಹೇಳಿದೆ. ಡ್ರಮ್ಮು, ಸಂಪು, ಕ್ಯಾಲ್ಸಿಯಂ ಕಲ್ಲಾದ ಮೇಲೂ ನೀರಿನಲ್ಲೇ ಉಳಿಯುವ ನೈಟ್ರೇಟು. ಅವರು ತಲೆಯಾಡಿಸಿದರು. ನೈಟ್ರೇಟು ದೊಡ್ಡವರ ಹೊಟ್ಟೆಯಲ್ಲಿ ಹೇಗೋ ಹೋಗಿಬಿಡುತ್ತದೆ, ಇಷ್ಟು ಸಣ್ಣ ಮಗುವಿನ ರಕ್ತ ಉಸಿರು ಹೊರುವುದನ್ನೇ ಮರೆತುಬಿಡುತ್ತದೆ ಎಂದರು.

"ನಾನು ಚೆನ್ನಾಗಿ ಕುದಿಸ್ತಿದ್ದೆ ಡಾಕ್ಟರೇ. ಎರಡೆರಡು ಸಲ" ಎಂದಳು ಮಗಳು.

ಡಾಕ್ಟರಮ್ಮ ನಳಿಗೆಯನ್ನು ಕೆಳಗಿಟ್ಟರು. "ಕುದಿಸಿದ್ರೆ ಕ್ರಿಮಿ ಸಾಯುತ್ತಮ್ಮ, ಇದು ಸಾಯಲ್ಲ. ನೀರು ಆವಿಯಾಗಿ ಹೋಗುತ್ತೆ, ಇದು ಪಾತ್ರೇಲೇ ಉಳಿಯುತ್ತೆ. ಕುದಿಸಿದಷ್ಟೂ ಗಟ್ಟಿಯಾಗುತ್ತೆ."

ಮಗಳು ಗೋಡೆಗೆ ಒರಗಿ ಹಾಗೇ ಕುಸಿದು ಕೂತಳು. ಅವಳ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು ನಿಂತೆ. ನನ್ನೊಳಗೆ ಅಳು ಇರಲಿಲ್ಲ. ಹೇಸಿಗೆ ಮಾತ್ರ ಇತ್ತು.

ಪಾಪುವಿನ ನರಕ್ಕೆ ಕಡುನೀಲಿ ಔಷಧಿ ಹನಿಸಿದರು. ನೀಲಿಯಾದ ಮಗುವಿಗೆ ನೀಲಿ ಔಷಧಿ. ನೋಡನೋಡುತ್ತ ತುಟಿ ಗುಲಾಬಿಯಾಯಿತು. ಬೆಳಗಿನ ಹೊತ್ತಿಗೆ ಹಸಿವೆಂದು ಆಸ್ಪತ್ರೆ ಹಾರಿಹೋಗುವಂತೆ ಕಿರುಚಿತು. ಅಷ್ಟು ಚಂದದ ಕಿರುಚಾಟವನ್ನು ನಾನು ಬದುಕಿನಲ್ಲಿ ಕೇಳಿರಲಿಲ್ಲ. ಒಂದು ದಿನ ಇಟ್ಟುಕೊಂಡು ಕಳಿಸಿದರು. "ಆ ಸಂಪಿನ ನೀರು ಒಂದು ಹನೀನೂ ಮಗೂಗೆ ತಾಗಬಾರದು. ಸದ್ಯಕ್ಕೆ ಕ್ಯಾನ್ ನೀರು ತಗೊಂಡು, ಅದನ್ನ ಒಂದು ಸಲ ಕುದಿಸಿ ಆರಿಸಿ ಕಲಸಿ" ಎಂದರು.

ಬರುವ ದಾರಿಯಲ್ಲಿ ಅಂಗಡಿ ಕಂಡಾಗಲೆಲ್ಲ ನಿಲ್ಲಿಸಿ ಎಂದೆ. ನಮ್ಮನೆಯವರು "ನಮ್ಮ ಬೀದಿ ಮೂಲೇಲೇ ಸಿಗುತ್ತಲ್ಲ, ಇಲ್ಲಿಂದ ಯಾಕೆ ಹೊರೋದು" ಎಂದು ಓಡಿಸಿದರು. ಅವರಿಗೆ ಎಲ್ಲದಕ್ಕೂ ಆಮೇಲೆ. ಮನೆ ಹತ್ತಿರವಾಗುವಾಗ ಆಸ್ಪತ್ರೆಯಿಂದ ತಂದ ಬಾಟಲಿ ಮುಗಿದಿತ್ತು, ಪಾಪು ಮತ್ತೆ ಬಾಯಿ ಚಪ್ಪರಿಸುತ್ತಿತ್ತು. ಮೂಲೆಯಂಗಡಿಯ ಮುಂದೆ ಗಾಡಿ ನಿಂತಿತು.

"ಒಂದು ಕ್ಯಾನ್ ನೀರು ಕೊಡಪ್ಪ" ಎಂದರು ನಮ್ಮನೆಯವರು.

ಅಂಗಡಿಯವನು ನಕ್ಕ. "ಇದ್ದದ್ದನ್ನ ಬೆಳಿಗ್ಗೆ ನಿಮ್ಮಣ್ಣನೇ ತಗೊಂಡು ಹೋದ್ರಲ್ಲ ಅಣ್ಣಾ. ಕ್ಯಾನ್ ಖಾಲಿಯಾದ ಹಾಗೆ ಬಂದು ಇನ್ನೊಂದು ಒಯ್ತಾರೆ, ನಿಮಗೇ ಅಲ್ವಾ ಅದು? ಮನೇಲಿ ಯಾರೂ ಸಂಪಿನ ನೀರು ಕುಡೀತಿಲ್ಲ, ಕೆಟ್ಟುಹೋಗಿದೆ ಅಂದ್ರು."

ಮಗಳು ಪಾಪುವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. ನಮ್ಮನೆಯವರು ಗೇರು ಹಾಕುತ್ತ "ಹೊಟ್ಟೆ ಉರಿ ಅಂತಿದ್ರಲ್ಲ, ಅದಕ್ಕಿರಬೇಕು" ಎಂದರು. ಆದರೆ ಆ ಮಾತು ಅವರ ಬಾಯಿಂದ ಬಂದದ್ದು ಬಹಳ ಸಣ್ಣಗೆ.

ಭಾವ ಜಗಲಿಯಲ್ಲೇ ಕಾದಿದ್ದರು. ಗಾಡಿ ಕಂಡೊಡನೆ ಎರಡೂ ಕೈ ಚಾಚಿ ಓಡಿ ಬಂದರು. "ಬಂತಾ ನನ್ನ ಬಂಗಾರ! ಏನೂ ಆಗಿಲ್ಲ ತಾನೆ? ನಾನು ಎರಡು ದಿನದಿಂದ ಊಟ ಬಿಟ್ಟು ಕೂತಿದ್ದೀನಿ. ಕೊಡು, ಕೊಡು ಇಲ್ಲಿ."

ಮಗಳು ಕೊಡಲಿಲ್ಲ. ಪಾಪುವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ಒಳಗೆ ಹೋದಳು. ಭಾವ ಹಿಂದೆಯೇ ಬಂದು ನಡುಮನೆಯ ಕುರ್ಚಿಯಲ್ಲಿ ಕೂತರು. ನಾನು ಅಡುಗೆಮನೆಗೆ ಹೋಗಿ, ನಲ್ಲಿ ತಿರುಗಿಸಿ, ಒಂದು ಲೋಟ ನೀರು ಹಿಡಿದೆ. ಅದನ್ನು ತಂದು ಭಾವನ ಮುಂದೆ ಮೇಜಿನ ಮೇಲಿಟ್ಟೆ.

"ಕುಡೀರಿ ಭಾವ. ಊಟ ಬಿಟ್ಟು ಕೂತಿದ್ದೀರಿ."

ಅವರು ಲೋಟ ನೋಡಿದರು. "ಈಗ ಬಾಯಾರಿಕೆ ಇಲ್ಲಮ್ಮ."

"ಒಂದೇ ಒಂದು ಗುಟುಕು."

"ಬೇಡ ಅಂದ್ನಲ್ಲ. ಹೊಟ್ಟೆ ಉರಿ."

ನಮ್ಮನೆಯವರು ಬಾಗಿಲಲ್ಲಿ ನಿಂತಿದ್ದರು. ಬದುಕಿಡೀ ಹೋಗಲಿ ಬಿಡು ಎಂದ ಮನುಷ್ಯ ಒಳಗೆ ಬಂದು, ಲೋಟವನ್ನು ಅಣ್ಣನ ಕೈಯತ್ತ ಇನ್ನಷ್ಟು ಸರಿಸಿದರು. "ಕುಡಿಯಣ್ಣ" ಎಂದರು. "ಒಂದು ಗುಟುಕು ಕುಡಿದುಬಿಡು. ನಾನು ಎಲ್ಲ ಮರೆತುಬಿಡ್ತೀನಿ."

ಭಾವನ ಕೈ ತೊಡೆಯ ಮೇಲಿಂದ ಏಳಲಿಲ್ಲ. ಲೋಟದ ನೀರನ್ನು ಅವರು ನೋಡಿದ ರೀತಿ ನನಗೆ ಚೆನ್ನಾಗಿ ಗೊತ್ತು. ಬಚ್ಚಲ ಮೋರಿಯನ್ನು ಎಲ್ಲರೂ ನೋಡುವುದೇ ಹಾಗೆ.

"ಯಾವತ್ತು ಗೊತ್ತಾಯ್ತು?" ಎಂದೆ.

"ಏನು ಗೊತ್ತಾಯ್ತು?"

"ಡ್ರಮ್ಮು ಸಂಪಿಗೆ ಇಳೀತಿದೆ ಅಂತ."

"ಒಂದಿನ ಮುಚ್ಚಳ ತೆಗೆದಾಗ ನೊರೆ ಇತ್ತು. ನಾಲಿಗೆಗೆ ಹಚ್ಚಿ ನೋಡ್ದೆ, ಒಂಥರಾ ಕಹಿ. ವಾಲ್ವು ತಿರುಗಾ ಹಾಕಿಸೋಣ ಅಂತಾನೇ ಇದ್ದೆ. ಆದ್ರೆ ನೀನು ಏನಂತೀಯೋ... ಮೊದ್ಲೇ ಬಾಯಿ ಜೋರು ನಿಂದು. ಕೀಲಿ ಇಸ್ಕೊಂಡು ನಾಲ್ಕು ದಿನ ಆಗಿಲ್ಲ, ಕೆಡಿಸ್ಬಿಟ್ರು ಅಂತ ಊರೆಲ್ಲ ಆಡ್ಕೊಳ್ತೀಯ."

"ಅದಕ್ಕೆ ನಿಮಗೆ ಕ್ಯಾನು ತರಿಸ್ಕೊಂಡ್ರಿ."

"ನನಗೆ ವಯಸ್ಸಾಯ್ತಲ್ಲಮ್ಮ."

"ಪಾಪು?"

ಆಗ ಅವರು ತಲೆಯೆತ್ತಿದರು. ಮುಖದಲ್ಲಿ ನಾಚಿಕೆ ಇರಲಿಲ್ಲ. ಒಂದು ಒಳ್ಳೆಯ ಕಾರಣ ಸಿಕ್ಕಿತೆಂಬ ಸಮಾಧಾನ ಇತ್ತು. ಅದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

"ಮಗೂಗೆ ಅವಳು ಕುದಿಸಿಯೇ ಕೊಡ್ತಾಳಲ್ಲ, ಏನಾಗುತ್ತೆ ಅಂದ್ಕೊಂಡೆ. ಎಷ್ಟು ಹೊತ್ತು ಕುದಿಸ್ತಾಳೆ, ದಿನಾ ನೋಡ್ತಿದ್ನಲ್ಲ."

ಒಳಬಾಗಿಲಲ್ಲಿ ಮಗಳು ನಿಂತಿದ್ದಳು. ಯಾವಾಗ ಬಂದಳೋ ಗೊತ್ತಿಲ್ಲ. "ನೋಡ್ತಿದ್ರಾ ದೊಡ್ಡಪ್ಪ?" ಎಂದಳು. ಅಷ್ಟೇ. ಅವಳ ಹೆಗಲ ಮೇಲೆ ಪಾಪು ಹಸಿವಿಗೆ ಕಿರುಚತೊಡಗಿತು.

ನನಗೆ ಅವರನ್ನು ಬೈಯಬೇಕು ಅನ್ನಿಸಲಿಲ್ಲ. ಬೈಗುಳಕ್ಕೂ ಒಂದು ಮರ್ಯಾದೆ ಇದೆ, ಅದನ್ನು ಈ ಮನುಷ್ಯನ ಮೇಲೆ ಎರಚಿ ಕೆಡಿಸಲು ಮನಸ್ಸಾಗಲಿಲ್ಲ. ಅಂಗಳ ದಾಟಿ ಅವರ ಕೋಣೆಗೆ ಹೋದೆ. ಮಂಚದ ಪಕ್ಕದಲ್ಲಿ ಸ್ಟೂಲಿನ ಮೇಲೆ ಕ್ಯಾನು. ಧೂಳು ಕೂರದಿರಲೆಂದು ಮೇಲೆ ಒಂದು ಒಗೆದ ಟವೆಲು ಹೊದಿಸಿದ್ದರು. ಮೂಲೆಯಲ್ಲಿ ಖಾಲಿ ಕ್ಯಾನು ಇನ್ನೊಂದು. ಗೋಡೆಯ ಮೊಳೆಯಲ್ಲಿ ಪಂಪಿನ ಕೋಣೆಯ ಕೀಲಿ ನೇತಾಡುತ್ತಿತ್ತು. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಕ್ಯಾನನ್ನು ಹೆಗಲಿಗೇರಿಸಿ ಹೊತ್ತು ತಂದೆ. ತಲೆಬಾಗಿಲು ದಾಟಿದಾಗ ಭಾವ ಕುರ್ಚಿಯಿಂದ ಅರ್ಧ ಎದ್ದರು.

"ಅದು ನನ್ನ..." ಎಂದರು, ಮತ್ತೆ ಕೂತರು.

ನಮ್ಮನೆಯವರು ನನ್ನ ಹೆಗಲಿನಿಂದ ಕ್ಯಾನು ಇಳಿಸಿಕೊಂಡು ಅಡುಗೆಮನೆಯ ಕಟ್ಟೆಯ ಮೇಲಿಟ್ಟರು. ಅಣ್ಣನತ್ತ ಒಂದು ಸಲವೂ ತಿರುಗಿ ನೋಡಲಿಲ್ಲ. ಹಾಗೇ ಹಿತ್ತಲಿಗೆ ಇಳಿದು, ಬಾಗಿಲಿಗೆ ಅಡ್ಡವಿದ್ದ ಹಿತ್ತಾಳೆಯ ವಾಲ್ವನ್ನು ಎತ್ತಿಕೊಂಡು ಪಂಪಿನ ಕೋಣೆಯೊಳಗೆ ಹೋದರು. ಸ್ವಲ್ಪ ಹೊತ್ತಿನಲ್ಲಿ ಸ್ಪಾನರು ಪೈಪಿಗೆ ಬಡಿಯುವ ಸದ್ದು ಕೇಳಿತು.

ಕ್ಯಾನಿನ ನೀರಿಗೆ ಮೀಟರು ಅದ್ದಿದೆ. ಸೊನ್ನೆ ಪಾಯಿಂಟ್ ಒಂದು. ನಮ್ಮ ಮನೆಯಲ್ಲಿ ಇಷ್ಟು ದಿನವೂ ಇಷ್ಟು ಒಳ್ಳೆಯ ನೀರು ಇತ್ತು, ಅಂಗಳದ ಆಚೆ ಬದಿಯಲ್ಲಿ, ಟವೆಲು ಹೊದ್ದುಕೊಂಡು. ಪಾತ್ರೆಯನ್ನು ಅದೇ ನೀರಿನಲ್ಲಿ ತೊಳೆದು ತುಂಬಿಸಿ ಮಗಳ ಕೈಗೆ ಕೊಟ್ಟೆ. ಅವಳು ಪಾತ್ರೆ ಹಿಡಿದುಕೊಂಡು ಒಲೆಯ ಮುಂದೆ ಸುಮ್ಮನೆ ನಿಂತಳು, ಹಚ್ಚಲಿಲ್ಲ.

"ಇದನ್ನ ಕುದಿಸಲಾ ಅಮ್ಮ?" ಎಂದು ಕೇಳಿದಳು. ಒಲೆಯನ್ನು ಕಂಡರೇ ಹೆದರುತ್ತಿದ್ದಳು ನನ್ನ ಮಗಳು.

"ಕುದಿಸು" ಎಂದೆ. "ಒಂದೇ ಸಲ. ನಾನು ಇಲ್ಲೇ ನಿಂತಿರ್ತೀನಿ."

ನಡುಮನೆಯ ಮೇಜಿನ ಮೇಲೆ ಆ ಲೋಟ ಹಾಗೇ ಇತ್ತು, ಅದರ ಮುಂದೆ ಭಾವ ಹಾಗೇ ಕೂತಿದ್ದರು.